ಎಎಂಸಿ ಪ್ರಪೋಸಲ್ ತಿದ್ದಿ ಬರೆಯೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಪೀಣ್ಯ ಕಡೆಯ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಪರ್ಚೇಸ್ ಟೇಬಲ್ಲಲ್ಲಿ ಕೂತು ಬಂದ ಪ್ರಪೋಸಲ್‌ಗಳನ್ನೆಲ್ಲಾ ಓದಿದವನು ನಾನು, ಈಗ ಸರ್ವೀಸ್ ಕೊಡೋ ಸಣ್ಣ ಕಂಪನಿಗಳಿಗೆ ಅವರ ಪ್ರಪೋಸಲ್ ತಿದ್ದಿ ಕೊಡ್ತೀನಿ. ಎಲ್ಲಾ ಉತ್ತರಕ್ಕೂ ಒಂದೇ ಕೇಸ್ ತಗೊಂಡಿದೀನಿ: ಸಿಎನ್‌ಸಿ ಮಷಿನ್ ಶಾಪ್ ಒಂದಕ್ಕೆ 37 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್‌ನ ಎಎಂಸಿ, ಅಂದ್ರೆ ವರ್ಷದ ನಿರ್ವಹಣೆ ಕಾಂಟ್ರಾಕ್ಟ್. ಹೆಸರು ಬಿಟ್ಟಿದೀನಿ, ಅಂಕಿಗಳನ್ನ ರೌಂಡ್ ಮಾಡಿದೀನಿ. ನಿಮ್ಮದು ಹೌಸ್‌ಕೀಪಿಂಗೋ ಪೇರೋಲೋ ಆಗಿದ್ರೂ ದಾರಿ ಇದೇ, ಅಂಕಿ ಮಾತ್ರ ಬೇರೆ.

## ಶುರುವಿನ ಪ್ರಶ್ನೆಗಳು

ಸಾರ್, ರೇಟ್ ಕೇಳಿದ್ರು, ಕೊಟೇಶನ್ ಕಳಿಸಿದ್ರೆ ಸಾಲ್ದಾ? ಪ್ರಪೋಸಲ್ ಯಾಕೆ ಬೇಕು?

ಪಾರ್ಟ್ ನಂಬರ್ ಕೊಟ್ಟು ಫಿಲ್ಟರ್ ರೇಟ್ ಕೇಳಿದ್ರೆ ಕೊಟೇಶನ್ ಸಾಕು, ಯಾಕಂದ್ರೆ ಯಾರ ಹತ್ರ ತಗೊಂಡ್ರೂ ಅದೇ ಫಿಲ್ಟರ್. ಸರ್ವೀಸ್ ಹಾಗಲ್ಲ. ಎಎಂಸಿ ಅನ್ನೋ ಒಂದೇ ಹೆಸರಲ್ಲಿ ಒಬ್ಬರು ತಿಂಗಳಿಗೊಂದ್ಸಲ ಬಂದು ಮಷಿನ್ ಒರೆಸಿ ಸಹಿ ಹಾಕಿಸ್ಕೊಂಡು ಹೋಗ್ತಾರೆ, ಇನ್ನೊಬ್ಬರು ರಾತ್ರಿ ಹನ್ನೊಂದಕ್ಕೆ ಬಂದು ರಿಪೇರಿ ಮಾಡಿ ಕೊಡ್ತಾರೆ. ಈ ವ್ಯತ್ಯಾಸ ಪೇಪರ್ ಮೇಲೆ ಕಾಣ್ಲಿಲ್ಲ ಅಂದ್ರೆ ಪರ್ಚೇಸ್‌ನವರು ಕಾಣಿಸಿದ್ದನ್ನ ಮಾತ್ರ ಹೋಲಿಸ್ತಾರೆ, ಅಂದ್ರೆ ಕೊನೇ ಪುಟದಲ್ಲಿರೋ ಒಂದು ನಂಬರ್.

ನಮ್ಮ ಕಂಪನಿ ಪರಿಚಯ ಮೊದ್ಲು ಹಾಕ್ದೆ ಇದ್ರೆ ನಾವ್ಯಾರು ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?

ಪ್ರಪೋಸಲ್ ಅವರ ಕೈಗೆ ಹೋಗೋ ಹೊತ್ತಿಗೆ ನೀವು ಯಾರು ಅಂತ ಸ್ವಲ್ಪನಾದ್ರೂ ಗೊತ್ತಿರತ್ತೆ, ಗೊತ್ತಿಲ್ದೆ ಇದ್ರೆ ಕೇಳ್ತಾನೇ ಇರ್ಲಿಲ್ಲ. ನಾನು ಹೇಳ್ತಿರೋ ಕೇಸಲ್ಲಿ ಹಳೇ ಪ್ರಪೋಸಲ್ 14 ಪುಟ ಇತ್ತು, ಮೊದಲ ಐದು ಪುಟ ಸ್ಥಾಪನೆ, ವಿಷನ್, ಐಎಸ್‌ಒ ಸರ್ಟಿಫಿಕೇಟ್, ಗ್ರಾಹಕರ ಲೋಗೋಗಳು. ಆ ಮಷಿನ್ ಶಾಪ್ ಹೆಸರು ಕವರ್ ಪೇಜ್ ಬಿಟ್ರೆ ಮತ್ತೆ ಬಂದಿದ್ದು ಒಂಬತ್ತನೇ ಪುಟದಲ್ಲಿ. ಅದನ್ನ ಓದೋ ಪ್ಲಾಂಟ್ ಹೆಡ್‌ಗೆ ಇದು ಯಾರಿಗೆ ಬೇಕಾದ್ರೂ ಕಳಿಸಬಹುದಾದ ಫೈಲ್ ಅಂತ ತಕ್ಷಣ ಗೊತ್ತಾಗ್ಬಿಡತ್ತೆ.

ಪರಿಚಯ ತೆಗೀಬೇಡಿ, ಹಿಂದಕ್ಕೆ ತಳ್ಳಿ. ಕೊನೆಯಲ್ಲಿ ಒಂದು ಪುಟ ಸಾಕು, ಅದರಲ್ಲೂ ಇದೇ ತರದ ಕಂಪ್ರೆಸರ್ ಇರೋ ಎರಡು ಗ್ರಾಹಕರ ವಿಷಯ ಹಾಕಿ, ಅವರ ಒಪ್ಪಿಗೆ ತಗೊಂಡು. ಇಪ್ಪತ್ತು ಲೋಗೋಗಿಂತ ಅದು ಹೆಚ್ಚು ಕೆಲಸ ಮಾಡತ್ತೆ.

ಅವರು ವಾಟ್ಸಾಪಲ್ಲಿ "ಎಎಂಸಿ ರೇಟ್ ಕಳ್ಸಿ" ಅಂತ ಒಂದು ಲೈನ್ ಹಾಕ್ತಾರೆ ಅಷ್ಟೇ. ತೊಂದರೆ ಏನು ಅಂತ ನಾನೆಲ್ಲಿಂದ ತರ್ಲಿ?

ಹೋಗಿ ನೋಡ್ಬೇಕು, ಬೇರೆ ದಾರಿ ಇಲ್ಲ. ಆದ್ರೆ ಹೋದಾಗ ಏನು ನೋಡ್ಬೇಕು ಅಂತ ಗೊತ್ತಿದ್ರೆ ಒಂದೂವರೆ ಗಂಟೆ ಸಾಕು.

ಮೊದಲು ಕಂಪ್ರೆಸರ್ ಕಂಟ್ರೋಲರ್‌ನ ಅಲಾರಂ ಹಿಸ್ಟರಿ ತೆಗೀರಿ. ನಮ್ಮ ಕೇಸಲ್ಲಿ ಅಲ್ಲೇ ಕಥೆ ಸಿಕ್ಕಿಬಿಡ್ತು: ಮಾರ್ಚಿಂದ ಮೇ ಒಳಗೆ ನಾಲ್ಕು ಸಲ ಹೈ ಟೆಂಪರೇಚರ್ ಟ್ರಿಪ್, ನಾಲ್ಕೂ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ. ಸ್ಕ್ರೂ ಕಂಪ್ರೆಸರ್ ಸಾಮಾನ್ಯವಾಗಿ 110 ಡಿಗ್ರಿ ಹತ್ರ ತಾನೇ ನಿಂತುಬಿಡತ್ತೆ. ಆಮೇಲೆ ರೂಮಿಗೆ ಹೋಗಿ ನೋಡಿದ್ರೆ ಕೂಲರ್ ಫಿನ್ಸಲ್ಲಿ ಧೂಳು ಆಯಿಲ್ ಸೇರಿ ಗಟ್ಟಿಯಾಗಿ ಕೂತಿದೆ, ಬಿಸಿಗಾಳಿ ಹೊರಗೆ ಹೋಗೋಕೆ ಡಕ್ಟ್ ಇಲ್ಲ, ಬಿಟ್ಟ ಗಾಳೀನೇ ಮತ್ತೆ ಎಳ್ಕೊಳ್ತಿದೆ. ಮೂರನೇದು ಲಾಗ್‌ಬುಕ್: ಫೋನ್ ಮಾಡಿದ್ದು ಎಷ್ಟೊತ್ತಿಗೆ, ಹಳೇ ಸರ್ವೀಸ್‌ನವರು ಬಂದಿದ್ದು ಎಷ್ಟೊತ್ತಿಗೆ, ಲೈನ್ ಮತ್ತೆ ಶುರುವಾಗಿದ್ದು ಯಾವಾಗ. ನಾಲ್ಕು ಸಲ ಸೇರಿ 18 ಗಂಟೆ ಲೈನ್ ನಿಂತಿತ್ತು, ಅದ್ರಲ್ಲಿ ನಿಜವಾದ ರಿಪೇರಿ ಐದು ಗಂಟೆನೂ ಇಲ್ಲ, ಉಳಿದದ್ದೆಲ್ಲಾ ಜನ ಬರೋದು ಕಾದಿದ್ದು. ಅಂದ್ರೆ ಇವರ ತೊಂದರೆ "ಎಎಂಸಿ ಬೇಕು" ಅನ್ನೋದಲ್ಲ, ಬೇಸಿಗೆ ಮಧ್ಯಾಹ್ನ ಗಾಳಿ ನಿಲ್ಲತ್ತೆ, ನಿಂತ್ರೆ ಯಾರೂ ಬೇಗ ಬರಲ್ಲ ಅನ್ನೋದು.

ಊಟದ ಬ್ರೇಕಲ್ಲಿ ಮಷಿನ್ ಎಲ್ಲಾ ನಿಂತಿರುವಾಗ ಇನ್ನೊಂದು ಕೆಲಸ ಮಾಡಿ, ಕಂಪ್ರೆಸರ್ ಎಷ್ಟೊತ್ತು ಲೋಡ್ ಆಗಿ ಗಾಳಿ ತುಂಬತ್ತೆ, ಎಷ್ಟೊತ್ತು ಅನ್‌ಲೋಡ್ ಆಗಿ ಸುಮ್ನೆ ತಿರುಗತ್ತೆ ಅಂತ ಸ್ಟಾಪ್‌ವಾಚಲ್ಲಿ ನೋಡಿ ಬರ್ಕೊಳ್ಳಿ, ನಾಲ್ಕೈದು ಸೈಕಲ್. ಯಾರೂ ಗಾಳಿ ಬಳಸ್ತಿಲ್ಲ, ಆದ್ರೂ ಲೋಡ್ ಆಗ್ತಿದೆ ಅಂದ್ರೆ ಅದೆಲ್ಲಾ ಲೀಕ್. ಇಲ್ಲಿ 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಬಂತು. ಎರಡನ್ನ ಒಟ್ಟು ಎಂಟರಿಂದ ಭಾಗಿಸಿದ್ರೆ ಶೇಕಡಾ 25. ಕಂಪ್ರೆಸರ್ ಕೆಪಾಸಿಟಿಯ ಕಾಲು ಭಾಗ ಪೈಪ್ ಜಾಯಿಂಟಲ್ಲಿ ಸೋರಿ ಹೋಗ್ತಿದೆ.

ಮೊದಲ ಪ್ಯಾರಾ ಹೇಗೆ ಬರೀಬೇಕು ಅಂತ ಒಂದು ಸಲ ತೋರಿಸಿ, ಬರೀ ಥಿಯರಿ ಬೇಡ

ಹಳೇದು ಹೀಗಿತ್ತು: "ಸಂಕುಚಿತ ವಾಯು ಕ್ಷೇತ್ರದಲ್ಲಿ ಅಪಾರ ಅನುಭವ ಹೊಂದಿರುವ ನಮ್ಮ ಸಂಸ್ಥೆಯು ತಮ್ಮ ಪ್ರತಿಷ್ಠಿತ ಕಂಪನಿಗೆ ಗುಣಮಟ್ಟದ ಸೇವೆ ಒದಗಿಸಲು ಹರ್ಷಿಸುತ್ತದೆ."

ತಿದ್ದಿದ ಮೇಲೆ: "ಕಳೆದ ಮಾರ್ಚ್‌ನಿಂದ ಮೇ ತನಕ ನಿಮ್ಮ ಕಂಪ್ರೆಸರ್ ಹೈ ಟೆಂಪರೇಚರ್‌ನಿಂದ ನಾಲ್ಕು ಸಲ ಟ್ರಿಪ್ ಆಗಿ ಎಂಟು ಸಿಎನ್‌ಸಿ ಮಷಿನ್‌ಗಳು ಒಟ್ಟು 18 ಗಂಟೆ ನಿಂತಿದ್ದವು. ಕೂಲರ್ ಬ್ಲಾಕ್ ಆಗಿರುವುದು ಮತ್ತು ಬಿಸಿಗಾಳಿ ರೂಮಿನಲ್ಲೇ ಸುತ್ತುವುದು ಇದಕ್ಕೆ ಕಾರಣ ಎಂದು ಪರಿಶೀಲನೆಯಲ್ಲಿ ಕಂಡುಬಂತು. ಮುಂದಿನ ಬೇಸಿಗೆಗೆ ಮುಂಚೆ ಈ ಎರಡನ್ನೂ ಸರಿಪಡಿಸುವುದು, ಬ್ರೇಕ್‌ಡೌನ್ ಆದರೆ 4 ಗಂಟೆಯೊಳಗೆ ಟೆಕ್ನಿಷಿಯನ್ ತಲುಪುವುದು ಈ ಪ್ರಪೋಸಲ್‌ನ ಉದ್ದೇಶ."

ಎರಡನೇದ್ರಲ್ಲಿ ನಿಮ್ಮ ಬಗ್ಗೆ ಹೊಗಳಿಕೆ ಒಂದು ಪದನೂ ಇಲ್ಲ, ಆದ್ರೂ ಇವರಿಗೆ ಕೆಲಸ ಗೊತ್ತು ಅಂತ ಓದಿದವರಿಗೆ ಅನ್ಸತ್ತೆ. ನನಗೆ ಟೇಬಲ್ ಆಚೆ ಕೂತಾಗ ಇಂಥ ಪ್ಯಾರಾ ಬರೋದು ಅಪರೂಪ, ಬಂದ್ರೆ ಆ ಫೈಲ್ ತಗೊಂಡು ನಾನೇ ಪ್ಲಾಂಟ್ ಹೆಡ್ ರೂಮಿಗೆ ಹೋಗ್ತಿದ್ದೆ. ಭಾಷೆ ಇಂಗ್ಲಿಷ್ ಇರ್ಲಿ ಕನ್ನಡ ಇರ್ಲಿ, ಮೊದಲ ವಾಕ್ಯದ ಕರ್ತೃ ಅವರ ಮಷಿನ್ನೋ ಅವರ ಲೈನೋ ಆಗಿರ್ಬೇಕು, "ನಾವು" ಅಲ್ಲ.

ಹೀಗೆಲ್ಲಾ ಬರ್ದ್ರೆ ಅಲ್ಲಿನ ಮೇಂಟೆನೆನ್ಸ್ ಮ್ಯಾನೇಜರಿಗೆ ಬೇಜಾರಾಗಲ್ವಾ? ಅವರೇ ನಮ್ಮನ್ನ ಕರ್ದಿದ್ದು

ಆಗತ್ತೆ, ಖಂಡಿತ ಆಗತ್ತೆ, ಹೇಗೆ ಬರೀತೀರಿ ಅನ್ನೋದ್ರ ಮೇಲಿದೆ. "ಸರಿಯಾದ ನಿರ್ವಹಣೆ ಇಲ್ಲದ ಕಾರಣ" ಅಂತ ಒಂದು ಸಾಲು ಹಾಕಿದ್ರೆ ಅದು ಅವರ ಎಂಡಿ ಮುಂದೆ ಅವರ ಮೇಲೆ ಕೊಟ್ಟ ಕಂಪ್ಲೇಂಟ್ ಆಗತ್ತೆ. ಮಷಿನ್ ಸ್ಥಿತಿ ಬರೀರಿ, ಜನರ ತಪ್ಪು ಬರೀಬೇಡಿ. "ಕೂಲರ್ ಫಿನ್ಸ್ ಬ್ಲಾಕ್ ಆಗಿವೆ" ಅಂದ್ರೆ ಸಾಕು, ಯಾರು ಕ್ಲೀನ್ ಮಾಡ್ಬೇಕಿತ್ತು ಅನ್ನೋದು ಬೇಡ. ಕಳಿಸೋ ಮುಂಚೆ ಆ ಮೊದಲ ಪುಟನ ಮೇಂಟೆನೆನ್ಸ್ ಮ್ಯಾನೇಜರಿಗೆ ತೋರಿಸಿ, "ಸಾರ್, ಅಂಕಿ ಸರಿ ಇದೆಯಾ ನೋಡ್ಬಿಡಿ" ಅಂತ. ಅವರು ಒಂದೆರಡು ತಿದ್ದುಪಡಿ ಹೇಳ್ತಾರೆ, ಆಮೇಲೆ ಮೀಟಿಂಗಲ್ಲಿ ಆ ಅಂಕಿ ಪರವಾಗಿ ಮಾತಾಡೋರು ಅವರೇ.

## ದುಡ್ಡಿನ ಲೆಕ್ಕ

ಅವರ ನಷ್ಟ ಇಷ್ಟು ಅಂತ ರೂಪಾಯಿಲಿ ಬರೀಬಹುದಾ? ಜಾಸ್ತಿ ಹೇಳಿದೀವಿ ಅಂತ ಅನ್ಕೊಂಡ್ರೆ?

ಬರೀಬೇಕು, ಆದ್ರೆ ರೇಟೆಲ್ಲಾ ಅವರದ್ದೇ ಆಗಿರ್ಬೇಕು. ಮಷಿನ್ ಅವರ್ ರೇಟ್ ಎಷ್ಟು ಹಿಡೀತೀರಿ ಅಂತ ಅವರನ್ನೇ ಕೇಳಿದಾಗ 600 ರೂಪಾಯಿ ಅಂದ್ರು. ಎಂಟು ಮಷಿನ್‌ಗೆ ಗಂಟೆಗೆ 4,800, 18 ಗಂಟೆಗೆ 86,400. ಇದರ ಜೊತೆ ಡೆಲಿವರಿ ತಡ ಆಗಿದ್ದು, ಓವರ್‌ಟೈಮ್ ಕೊಟ್ಟಿದ್ದು ಅಂತೆಲ್ಲಾ ಅಂದಾಜಲ್ಲಿ ಸೇರಿಸೋಕೆ ಹೋಗ್ಬೇಡಿ, ಲೆಕ್ಕಕ್ಕೆ ಸಿಗದ ಒಂದು ಅಂಕಿ ಇದ್ರೆ ಸಿಗೋ ಅಂಕಿಗಳ ಮೇಲೂ ನಂಬಿಕೆ ಹೋಗತ್ತೆ.

ಲೀಕ್ ಲೆಕ್ಕದಲ್ಲಿ ತುಂಬಾ ಜನ ಎಡವೋದು ಇಲ್ಲೇ. ಲೋಡಲ್ಲಿ ಈ ಕಂಪ್ರೆಸರ್ ಸುಮಾರು 40 ಕಿಲೋವ್ಯಾಟ್ ಎಳೆಯತ್ತೆ, ಅದರ ಶೇಕಡಾ 25 ಅಂದ್ರೆ 10 ಕಿಲೋವ್ಯಾಟ್ ವೇಸ್ಟ್ ಅಂತ ಬರೆದುಬಿಡ್ತಾರೆ. ಆದ್ರೆ ಇದು ಮೋಟರ್ ವೇಗ ಬದಲಾಯಿಸೋ ವಿಎಫ್‌ಡಿ ಇಲ್ಲದ ಮಷಿನ್, ಅನ್‌ಲೋಡಲ್ಲಿದ್ರೂ ಮೋಟರ್ ತಿರುಗ್ತಾನೇ ಇರತ್ತೆ, ಸುಮಾರು 12 ಕಿಲೋವ್ಯಾಟ್ ಎಳೀತಾನೇ ಇರತ್ತೆ. ಹಾಗಾಗಿ ಲೀಕ್ ನಿಲ್ಲಿಸಿದ್ರೆ ನಿಜವಾಗಿ ಉಳಿಯೋದು ಆ ಎರಡರ ವ್ಯತ್ಯಾಸ 28ರ ಕಾಲು ಭಾಗ, 7 ಕಿಲೋವ್ಯಾಟ್. ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನ ಅಂದ್ರೆ 2,800 ಯೂನಿಟ್. ಅವರ ಬಿಲ್ಲಲ್ಲಿದ್ದ ಯೂನಿಟ್‌ಗೆ 7.50 ಲೆಕ್ಕದಲ್ಲಿ ತಿಂಗಳಿಗೆ 21,000 ರೂಪಾಯಿ. ಲೀಕ್ ಪೂರ್ತಿ ಯಾವತ್ತೂ ನಿಲ್ಲಲ್ಲ, ಅರ್ಧ ನಿಲ್ಲಿಸ್ತೀವಿ ಅಂತ ಹೇಳಿ 10,500 ಅಂತ ಬರೆದ್ವಿ. ಅವರ ಎಲೆಕ್ಟ್ರಿಕಲ್ ಇಂಜಿನಿಯರ್ ಕ್ಯಾಲ್ಕ್ಯುಲೇಟರ್ ಹಿಡ್ಕೊಂಡು ಕೂತ್ರೂ ಅದೇ ಬರತ್ತೆ, ಅದಕ್ಕೇ ಆ ಪುಟಕ್ಕೆ ಬೆಲೆ.

ಎಷ್ಟು ಆಪ್ಷನ್ ಕೊಡ್ಬೇಕು? ನಾನು ಆರು ಪ್ಯಾಕೇಜ್ ಮಾಡಿದೀನಿ

ಮೂರು ಸಾಕು, ಕೆಲವು ಸಲ ಎರಡೇ ಸಾಕು. ಆರು ಕೊಟ್ರೆ ಹೋಲಿಸೋ ಕೆಲಸ ಅವರ ತಲೆಗೆ ಕಟ್ಟಿದ ಹಾಗೆ, ಅವರು ಅದನ್ನ ಬದಿಗಿಟ್ಟು ಒಂದೇ ರೇಟ್ ಕೊಟ್ಟಿರೋ ಬೇರೆಯವರ ಹತ್ರ ಹೋಗ್ತಾರೆ.

ಅದಕ್ಕಿಂತ ಮುಖ್ಯ, ಮೊದಲ ಪುಟದಲ್ಲಿ ಬರೆದ ತೊಂದರೆಗೆ ಬೇಕಾದ ಮೂಲ ಕೆಲಸ ಎಲ್ಲಾ ಆಪ್ಷನ್‌ನಲ್ಲೂ ಇರ್ಬೇಕು. ಬೇಸಿಗೆಗೆ ಮುಂಚಿನ ಕೂಲರ್ ಕ್ಲೀನಿಂಗ್ ತೆಗೆದು ಒಂದು ಕಡಿಮೆ ರೇಟಿನ ಆಪ್ಷನ್ ಮಾಡಿದ್ರೆ ಮತ್ತೆ ಟ್ರಿಪ್ ಆಗತ್ತೆ ಅಂತ ಗೊತ್ತಿದ್ದೇ ಮಾರಿದ ಹಾಗೆ, ಏಪ್ರಿಲ್‌ನಲ್ಲಿ ಬಯ್ಸಿಕೊಳ್ಳೋರು ನೀವೇ. ಆಪ್ಷನ್‌ಗಳ ನಡುವೆ ಬದಲಾಗಬೇಕಾದ್ದು ಎಷ್ಟು ಬೇಗ ಬರ್ತೀರಿ, ಸ್ಪೇರ್ಸ್ ಖರ್ಚಿನ ರಿಸ್ಕ್ ಯಾರದ್ದು, ಮುಖ್ಯವಾಗಿ ಈ ಎರಡು. ಡಕ್ಟ್ ಹಾಕೋದು ಒಂದೇ ಸಲದ ಕೆಲಸ, ಅದನ್ನ ಎಎಂಸಿ ಜೊತೆ ಕಲಸದೆ ಬೇರೆ ಸಾಲಲ್ಲಿ ಕೊಡಿ.

ರೇಟ್ ಟೇಬಲ್ ಹೇಗೆ ಹಾಕಿದ್ರೆ ಒಂದೇ ನೋಟಕ್ಕೆ ಗೊತ್ತಾಗತ್ತೆ?

ಹಳೇ ಪ್ರಪೋಸಲಲ್ಲಿ ಪುಟ 11ರಲ್ಲಿ "ನಾನ್ ಕಾಂಪ್ರಹೆನ್ಸಿವ್ 72,000", ಪುಟ 12ರಲ್ಲಿ "ಕಾಂಪ್ರಹೆನ್ಸಿವ್ 2,25,000", ಕೆಳಗೆ ಸಣ್ಣಕ್ಷರದಲ್ಲಿ "ಸ್ಪೇರ್ಸ್ ಮತ್ತು ವಿಸಿಟ್ ಚಾರ್ಜ್ ಪ್ರತ್ಯೇಕ" ಅಂತಿತ್ತು. ಓದಿದವರು ಮೂರು ಪಟ್ಟು ವ್ಯತ್ಯಾಸ ಕಂಡು ಕಣ್ಣು ಮುಚ್ಚಿ 72 ಸಾವಿರದ್ದು ಅಂತಾರೆ, ಆಮೇಲೆ ವರ್ಷ ಪೂರ್ತಿ ಬಿಲ್ ಬಂದಾಗಲೆಲ್ಲಾ ಜಗಳ.

ತಿದ್ದಿದಾಗ ಮಾಡಿದ್ದು ಇಷ್ಟು: ಮೂರೂ ಆಪ್ಷನ್‌ಗೆ ಅದೇ ಸಾಲುಗಳು, ಅದೇ 12 ತಿಂಗಳು, ಅದೇ ಗಂಟೆಗಳು. ದಿನಕ್ಕೆ 16 ಗಂಟೆ ಓಡೋ ಮಷಿನ್ ವರ್ಷಕ್ಕೆ 4,800 ಗಂಟೆ ಓಡತ್ತೆ, ಈ ಮಷಿನ್‌ಗೆ 2,000 ಗಂಟೆಗೆ ಏರ್ ಫಿಲ್ಟರ್ ಆಯಿಲ್ ಫಿಲ್ಟರ್, 4,000 ಗಂಟೆಗೆ ಆಯಿಲ್ ಮತ್ತು ಸೆಪರೇಟರ್. ಅಂದ್ರೆ ವರ್ಷದಲ್ಲಿ ಎರಡು ಫಿಲ್ಟರ್ ಕಿಟ್, ಒಂದು ಆಯಿಲ್, ಒಂದು ಸೆಪರೇಟರ್, ಎಲ್ಲಾ ಸೇರಿ 52,000. ಇದು ಹೇಗಿದ್ರೂ ಬರೋ ಖರ್ಚು, ಹಾಗಿರುವಾಗ "ಪ್ರತ್ಯೇಕ" ಅಂತ ಬರೆದು ಬಚ್ಚಿಡೋದ್ಯಾಕೆ.

| ವಿವರ | ಬೇಸಿಕ್ | ಸ್ಟ್ಯಾಂಡರ್ಡ್ | ಕಾಂಪ್ರಹೆನ್ಸಿವ್ |
|---|---|---|---|
| ಬೇಸಿಗೆಗೆ ಮುಂಚೆ ಕೂಲರ್ ಕ್ಲೀನಿಂಗ್ | ಸೇರಿದೆ | ಸೇರಿದೆ | ಸೇರಿದೆ |
| ಬ್ರೇಕ್‌ಡೌನ್‌ಗೆ ಜನ ಬರೋದು | ಮಾರನೇ ಕೆಲಸದ ದಿನ | 4 ಗಂಟೆಯೊಳಗೆ | 4 ಗಂಟೆಯೊಳಗೆ |
| 24 ಗಂಟೇಲಿ ಸರಿಯಾಗದಿದ್ರೆ ಬದಲಿ ಕಂಪ್ರೆಸರ್ | ಇಲ್ಲ | ಬಾಡಿಗೆ ಪ್ರತ್ಯೇಕ | ಸೇರಿದೆ |
| ಏರ್ ಲೀಕ್ ಸರ್ವೆ | ಇಲ್ಲ | ವರ್ಷಕ್ಕೆ 2 | ವರ್ಷಕ್ಕೆ 2 |
| ಎಎಂಸಿ ಚಾರ್ಜ್ | 72,000 | 1,48,000 | 2,25,000 |
| ಫಿಲ್ಟರ್, ಆಯಿಲ್, ಸೆಪರೇಟರ್ | 52,000 | ಸೇರಿದೆ | ಸೇರಿದೆ |
| ಬ್ರೇಕ್‌ಡೌನ್ ವಿಸಿಟ್, ಕಳೆದ ವರ್ಷದಂತೆ 4 | 16,000 | ಸೇರಿದೆ | ಸೇರಿದೆ |
| ಬ್ರೇಕ್‌ಡೌನ್ ಸ್ಪೇರ್ಸ್, ಕಳೆದ ವರ್ಷದ ಖರ್ಚಿನಂತೆ | 40,000 | 40,000 | ಸೇರಿದೆ |
| ಏರ್‌ಎಂಡ್ ಮತ್ತು ಮೇನ್ ಮೋಟರ್ | ಸೇರಿಲ್ಲ | ಸೇರಿಲ್ಲ | ಸೇರಿಲ್ಲ |
| ವರ್ಷಕ್ಕೆ ಒಟ್ಟು ಅಂದಾಜು, ಜಿಎಸ್‌ಟಿ ಬಿಟ್ಟು | 1,80,000 | 1,88,000 | 2,25,000 |

ಎಎಂಸಿ ಚಾರ್ಜ್ ಸಾಲು ಮಾತ್ರ ನೋಡಿದ್ರೆ ಬೇಸಿಕ್‌ಗೂ ಸ್ಟ್ಯಾಂಡರ್ಡ್‌ಗೂ 76,000 ವ್ಯತ್ಯಾಸ, ಕೊನೇ ಸಾಲಲ್ಲಿ ಬರೀ 8,000. ಆ ಎಂಟು ಸಾವಿರಕ್ಕೆ ನಾಲ್ಕು ಗಂಟೆಯೊಳಗೆ ಜನ ಬರ್ತಾರೆ, ಲೀಕ್ ಸರ್ವೆನೂ ಸಿಗತ್ತೆ ಅಂತ ಗೊತ್ತಾದ್ರೆ ನೀವು ಬಾಯಿಬಿಟ್ಟು ಹೇಳೋದು ಏನೂ ಉಳಿಯಲ್ಲ. ಅಂದಾಜಿನ ಸಾಲು ಅಂದಾಜು ಅಂತಲೇ ಇರ್ಲಿ, ಯಾವ ಆಧಾರದ ಮೇಲೆ ಅನ್ನೋದು ಅದೇ ಸಾಲಲ್ಲಿರ್ಲಿ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಈ ಟೇಬಲ್ ಒಂದೇ ಪುಟದಲ್ಲಿ ಬರ್ಬೇಕು, ಎರಡು ಪುಟಕ್ಕೆ ಒಡೀತು ಅಂದ್ರೆ ಪ್ರಿಂಟ್ ತಗೊಂಡವರು ಮೊದಲ ಹಾಳೆ ಮಾತ್ರ ನೋಡ್ತಾರೆ.

ಟೋಟಲ್ ಜಿಎಸ್‌ಟಿ ಸೇರಿಸಿ ಹಾಕೋದಾ ಬಿಟ್ಟು ಹಾಕೋದಾ?

ಕ್ಲೈಂಟ್ ಜಿಎಸ್‌ಟಿ ರಿಜಿಸ್ಟರ್ ಆಗಿದ್ದು ಇನ್‌ಪುಟ್ ಕ್ರೆಡಿಟ್ ತಗೊಳ್ಳೋರಾದ್ರೆ ಬಿಟ್ಟು ಹೋಲಿಸೋದೇ ಸರಿ, ಕೆಳಗೆ 18 ಪರ್ಸೆಂಟ್ ಸೇರಿದ ಮೊತ್ತ ಇನ್ನೊಂದು ಸಾಲಲ್ಲಿ ಕೊಡಿ: 2,12,400, 2,21,840, 2,65,500. ಆಸ್ಪತ್ರೆ, ಶಾಲೆ ತರದವರಿಗೆ ಸಾಮಾನ್ಯವಾಗಿ ಕ್ರೆಡಿಟ್ ಸಿಗಲ್ಲ, ಅವರಿಗೆ ಸೇರಿದ ಮೊತ್ತವೇ ನಿಜವಾದ ಖರ್ಚು, ಅದನ್ನೇ ದಪ್ಪಕ್ಷರದಲ್ಲಿ ಹಾಕಿ. ಒಂದು ಆಪ್ಷನ್‌ಗೆ ಸೇರಿಸಿ ಇನ್ನೊಂದಕ್ಕೆ ಬಿಟ್ಟು ಮಾತ್ರ ಹಾಕ್ಬೇಡಿ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಕಾಂಪ್ರಹೆನ್ಸಿವ್ ಅಂದ್ಮೇಲೆ ಮೋಟರ್ ಸುಟ್ರೂ ನೀವೇ ಕೊಡ್ಬೇಕು ಅಂತಾರೆ. ಈ ಜಗಳ ಹೇಗೆ ತಪ್ಪಿಸೋದು?

ಏನು ಸೇರಿಲ್ಲ ಅನ್ನೋದನ್ನ ಟರ್ಮ್ಸ್ ಅಂಡ್ ಕಂಡಿಷನ್ಸ್ ಪುಟದಲ್ಲಿ ಹುಗಿಯದೆ ರೇಟ್ ಟೇಬಲ್ ಒಳಗೇ ಒಂದು ಸಾಲು ಮಾಡಿ, ಮೇಲೆ ಮಾಡಿದ ಹಾಗೆ. ಏರ್‌ಎಂಡ್ ಅಂದ್ರೆ ಕಂಪ್ರೆಸರ್‌ನ ಹೃದಯ, ಅದನ್ನ ಓವರ್‌ಹಾಲ್ ಮಾಡೋ ಖರ್ಚು ವರ್ಷದ ಎಎಂಸಿಗಿಂತ ಹೆಚ್ಚಾಗಬಹುದು, ಅದನ್ನ ಸೇರಿಸೋದಾದ್ರೆ ರೇಟೇ ಬೇರೆ. ವೋಲ್ಟೇಜ್ ಏರಿಳಿತದಿಂದ ಸುಟ್ಟ ಕಂಟ್ರೋಲ್ ಬೋರ್ಡ್ ಯಾರ ಖರ್ಚು ಅಂತನೂ ಈಗಲೇ ಬರೀರಿ, ಜಗಳ ಹೆಚ್ಚಾಗಿ ಶುರುವಾಗೋದು ಅಲ್ಲಿಂದಲೇ. "4 ಗಂಟೆಯೊಳಗೆ" ಅನ್ನೋದು ಯಾವಾಗಿಂದ ಲೆಕ್ಕ ಅಂತನೂ ಇರ್ಲಿ: ಫೋನ್ ಬಂದ ಹೊತ್ತಿಂದ ಗೇಟ್ ಎಂಟ್ರಿ ತನಕ, ಭಾನುವಾರ ಸೇರಿಯೋ ಬಿಟ್ಟೋ. ಇಲ್ಲಿ ಎರಡನೇ ಶಿಫ್ಟ್ ಇದ್ದಿದ್ರಿಂದ ಬೆಳಿಗ್ಗೆ 6ರಿಂದ ರಾತ್ರಿ 10, ಸೋಮವಾರದಿಂದ ಶನಿವಾರ ಅಂತ ಹಾಕಿದ್ವಿ.

ಪರ್ಚೇಸ್‌ನವರು ಅವರದ್ದೇ ಎಕ್ಸೆಲ್ ಫಾರ್ಮ್ಯಾಟ್ ಕಳಿಸ್ತಾರೆ, ಅದ್ರಲ್ಲಿ ರೇಟಿಗೆ ಒಂದೇ ಕಾಲಂ. ನಮ್ಮ ಟೇಬಲ್ ಏನ್ ಮಾಡೋದು?

ಅವರ ಫಾರ್ಮ್ಯಾಟ್ ತುಂಬಿ ಕೊಡಿ, ವಾದ ಮಾಡ್ಬೇಡಿ. ಅವರು ಒಳಗೆ ಒಂದು ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಮಾಡಿ ಮೂರು ಪಾರ್ಟಿಗಳನ್ನ ಪಕ್ಕಪಕ್ಕ ಇಟ್ಟು ಎಲ್1, ಅಂದ್ರೆ ಎಲ್ಲರಿಗಿಂತ ಕಮ್ಮಿ ರೇಟ್ ಕೊಟ್ಟೋರು, ಯಾರು ಅಂತ ಗುರುತು ಹಾಕ್ಲೇಬೇಕು, ಆಡಿಟ್‌ಗೆ ಅದು ಬೇಕು. ನಾನೂ ಮಾಡ್ತಿದ್ದೆ. ಎಲ್1 ಬಿಟ್ಟು ಬೇರೆಯವರಿಗೆ ಆರ್ಡರ್ ಕೊಡ್ಬೇಕಾದ್ರೆ ಕಾರಣ ಬರೀಬೇಕು, ಆ ಕಾರಣ ಬರೆಯೋಕೆ ಕೈಯಲ್ಲಿ ಏನಾದ್ರೂ ಬೇಕು.

ಹಾಗಾಗಿ ರಿಮಾರ್ಕ್ಸ್ ಕಾಲಂನಲ್ಲಿ ಒಂದು ಸಾಲು ಹಾಕಿ: "ಫಿಲ್ಟರ್, ಆಯಿಲ್, ಸೆಪರೇಟರ್ ಮತ್ತು ಬ್ರೇಕ್‌ಡೌನ್ ವಿಸಿಟ್ ಸೇರಿದೆ, ವರ್ಷದ ಒಟ್ಟು ಅಂದಾಜು ಅನುಬಂಧ 1ರಲ್ಲಿದೆ". ಟೇಬಲನ್ನ ಪಿಡಿಎಫ್ ಅಲ್ಲದೆ ಎಕ್ಸೆಲ್‌ನಲ್ಲೂ ಕೊಡಿ, ಅವರು ಬೇರೆ ಪಾರ್ಟಿಗಳ ಅಂಕಿ ಅದರ ಪಕ್ಕದಲ್ಲೇ ತುಂಬ್ಕೋಬಹುದು. ನಿಮ್ಮ ಸಾಲುಗಳಲ್ಲಿ ಅವರು ಬೇರೆಯವರನ್ನ ಹೋಲಿಸೋಕೆ ಶುರು ಮಾಡಿದ್ರು ಅಂದ್ರೆ, ಸ್ಪೇರ್ಸ್ ಸೇರಿದೆಯಾ ಅಂತ ಬೇರೆಯವರಿಗೂ ಫೋನ್ ಮಾಡಿ ಕೇಳ್ಬೇಕಾಗತ್ತೆ.

ಎಲ್ಲಾ ಓಕೆ ಅಂದು ಕೊನೇಲಿ "ಹತ್ತು ಪರ್ಸೆಂಟ್ ಕಮ್ಮಿ ಮಾಡ್ಕೊಳ್ಳಿ ಸಾರ್" ಅಂತಾರೆ

ಟೇಬಲ್ ತೆರೆದು ಯಾವ ಸಾಲು ಬದಲಾಯಿಸೋಣ ಅಂತ ಕೇಳಿ. ಸ್ಟ್ಯಾಂಡರ್ಡ್‌ನಲ್ಲಿ ಹತ್ತು ಪರ್ಸೆಂಟ್ ಅಂದ್ರೆ 14,800. ಲೀಕ್ ಸರ್ವೆ ಎರಡರ ಬದಲು ಒಂದು, 4 ಗಂಟೆ ಬದಲು 8 ಗಂಟೆ, ಹೀಗೆ ಮಾಡಿದ್ರೆ ಆ ಮೊತ್ತ ಹೊಂದಿಸಬಹುದು. ಏನೂ ತೆಗೀದೆ ಹಾಗೇ ಕಮ್ಮಿ ಮಾಡಿದ್ರೆ ಮೊದಲೇ ಅಷ್ಟು ಜಾಸ್ತಿ ಹಾಕಿದ್ರು ಅಂತ ಅರ್ಥ ಆಗತ್ತೆ, ಮುಂದಿನ ವರ್ಷ ಇಪ್ಪತ್ತು ಕೇಳ್ತಾರೆ. ನಮ್ಮ ಕೇಸಲ್ಲಿ ಅವರು 4 ಗಂಟೆ ಬಿಡೋಕೆ ಒಪ್ಪಲಿಲ್ಲ, ಒಂದು ಸರ್ವೆ ಬಿಟ್ರು, 8,000 ಇಳಿಯಿತು, ಅಲ್ಲಿಗೆ ಮುಗೀತು. ಕೂಲರ್ ಕ್ಲೀನಿಂಗ್ ಸಾಲಿಗೆ ಮಾತ್ರ ಕೈ ಹಾಕೋಕೆ ಬಿಡ್ಬೇಡಿ.

ಪೇಮೆಂಟ್ 90 ದಿನ ಅಂತಾರೆ. ಇದನ್ನ ಪ್ರಪೋಸಲ್‌ನಲ್ಲಿ ಎಲ್ಲಿ ಹೇಳೋದು?

ರೇಟ್ ಟೇಬಲ್ ಕೆಳಗೇ, ಯಾಕಂದ್ರೆ ಪೇಮೆಂಟ್ ದಿನಗಳೂ ರೇಟಿನ ಭಾಗ. ನೀವು ಉದ್ಯಮ್ ನೋಂದಣಿ ಮಾಡ್ಕೊಂಡ ಮೈಕ್ರೋ ಅಥವಾ ಸ್ಮಾಲ್ ಘಟಕ ಆಗಿದ್ರೆ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ರೂ 45 ದಿನ ಮೀರೋ ಹಾಗಿಲ್ಲ, ಒಪ್ಪಂದ ಇಲ್ದಿದ್ರೆ 15 ದಿನ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಿಂದಾಗಿ ತಡ ಮಾಡಿದ ಬಾಕಿಯನ್ನ ಪಾವತಿ ಮಾಡೋ ತನಕ ಕೊಳ್ಳೋರು ಖರ್ಚಿನ ಲೆಕ್ಕಕ್ಕೆ ತೋರಿಸೋಕಾಗಲ್ಲ, ಅವರ ಅಕೌಂಟ್ಸ್ ವಿಭಾಗಕ್ಕೆ ಇದು ಚೆನ್ನಾಗಿ ಗೊತ್ತು. ಬೆದರಿಸೋ ತರ ಬರೀಬೇಡಿ. "ಉದ್ಯಮ್ ನೋಂದಾಯಿತ ಸಣ್ಣ ಘಟಕ, ಪಾವತಿ ಅವಧಿ 45 ದಿನ" ಅಂತ ನೋಂದಣಿ ಸಂಖ್ಯೆ ಜೊತೆ ಒಂದು ಸಾಲು ಸಾಕು.

ರಿನ್ಯೂವಲ್‌ಗೆ ಅದೇ ಫೈಲ್ ಡೇಟ್ ಬದಲಾಯಿಸಿ ಕಳಿಸಬಹುದಾ?

ಬೇಡ. ರಿನ್ಯೂವಲ್‌ಗೆ ನಿಮ್ಮ ಕೈಯಲ್ಲಿ ಹೊಸಬರ ಹತ್ರ ಇಲ್ಲದ ಒಂದು ವಸ್ತು ಇದೆ, ಒಂದು ವರ್ಷದ ನಿಜವಾದ ಅಂಕಿ. ಅದೇ ಟೇಬಲ್‌ಗೆ ಇನ್ನೊಂದು ಕಾಲಂ ಸೇರಿಸಿ: ಹೋದ ವರ್ಷ ಅಂದಾಜು ಏನಿತ್ತು, ಆಗಿದ್ದೇನು. ಬ್ರೇಕ್‌ಡೌನ್ ನಾಲ್ಕು ಅಂದಿದ್ವಿ, ಎಷ್ಟಾಯ್ತು. ಪ್ರತಿ ಸಲ ಫೋನ್ ಬಂದಿದ್ದು ಎಷ್ಟೊತ್ತಿಗೆ, ಗೇಟ್ ಎಂಟ್ರಿ ಎಷ್ಟೊತ್ತಿಗೆ. ಸ್ಪೇರ್ಸ್ 40,000 ಅಂದಿದ್ವಿ, ಬಿಲ್ ಎಷ್ಟಾಯ್ತು. ಲೋಡ್ ಅನ್‌ಲೋಡ್ ಟೆಸ್ಟ್ ಮತ್ತೆ ಮಾಡಿ ಈಗ ಲೀಕ್ ಎಷ್ಟು ಅಂತ ಬರೀರಿ. ಅಂದಾಜಿಗಿಂತ ಹೆಚ್ಚಾಗಿದ್ರೆ ಅದನ್ನೂ ಹಾಗೇ ಹಾಕಿ ಕಾರಣ ಹೇಳಿ, ಹೇಗಿದ್ರೂ ಆ ಅಂಕಿ ಅವರ ಅಕೌಂಟ್ಸ್‌ನಲ್ಲಿ ಇರತ್ತೆ. ಹೊಸ ಮೊದಲ ಪ್ಯಾರಾ ಈ ಕಾಲಂನಿಂದಲೇ ಹುಟ್ಟತ್ತೆ, ಟ್ರಿಪ್ ನಿಂತಿದ್ರೆ ಈ ಸಲದ ತೊಂದರೆ ಟ್ರಿಪ್ ಅಲ್ಲ, ಉಳಿದಿರೋ ಲೀಕ್ ಇರಬಹುದು, ಗಂಟೆ ಜಾಸ್ತಿ ಓಡಿ ಹತ್ರ ಬರ್ತಿರೋ ಏರ್‌ಎಂಡ್ ಓವರ್‌ಹಾಲ್ ಇರಬಹುದು. ಕಳಿಸೋದು ಕಾಂಟ್ರಾಕ್ಟ್ ಮುಗಿಯೋಕೆ ಎರಡು ತಿಂಗಳು ಮುಂಚೆ, ಆಮೇಲಾದ್ರೆ ಅವರು ಅಷ್ಟೊತ್ತಿಗೆ ಬೇರೆ ಮೂವರ ಹತ್ರ ರೇಟ್ ತರಿಸಿರ್ತಾರೆ.